ಗುಟ್ಟು ಉಳಿಯಲಿ, ಚಿಕಿತ್ಸೆ ತಪ್ಪದಿರಲಿ

ಪ್ರಶ್ನೆ: ನನಗೆ 42 ವರ್ಷ, ಶಾಲಾ ಶಿಕ್ಷಕಿ. ಮನೆಯವರು ಮಲಗಿದ ಮೇಲೆ ದಿನವೂ ಒಂದು ಕ್ವಾರ್ಟರ್ ವಿಸ್ಕಿ ಕುಡಿಯುತ್ತೇನೆ; ಈಚೆಗೆ ಅದೂ ಸಾಲುತ್ತಿಲ್ಲ. ಬೆಳಿಗ್ಗೆ ಕೈ ನಡುಗಿ ಬೋರ್ಡಿನ ಮೇಲೆ ಅಕ್ಷರ ಮೂಡುವುದಿಲ್ಲ. ಗೊತ್ತಾದರೆ ಮಾನವೂ ಕೆಲಸವೂ ಹೋದಂತೆ. ದಸರಾ ರಜೆಯಲ್ಲಿ ಯಾರಿಗೂ ಹೇಳದೆ ಪೂರ್ತಿ ನಿಲ್ಲಿಸಿಬಿಡಲೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬೆಳಗಿನ ನಡುಕವೆಂದರೆ ನಿಮ್ಮ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ. ಇಂಥ ಸ್ಥಿತಿಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸಿ, ಮೈ ಬೆವರಿ, ದಿಕ್ಕು ತೋಚದಂತಾಗಿ ಪ್ರಾಣಕ್ಕೇ ಅಪಾಯವಾಗುವುದುಂಟು. ವೈದ್ಯರ ನಿಗಾದಲ್ಲಿ ಕೆಲವು ದಿನ ಮಾತ್ರೆಗಳನ್ನು ಕೊಟ್ಟು ಕ್ರಮೇಣ ಇಳಿಸುತ್ತಾ, ಜೊತೆಗೆ ಬಿ1 ಜೀವಸತ್ವವನ್ನೂ ನೀಡಿದರೆ ಈ ಘಟ್ಟವನ್ನು ಸುರಕ್ಷಿತವಾಗಿ ದಾಟಬಹುದು.

ನಿಮ್ಮ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಕುಡಿಯುವ ಗಂಡಸಿನ ಬಗ್ಗೆ ‘ಕುಡಿತವೊಂದು ಬಿಟ್ಟರೆ ಬಂಗಾರದಂಥ ಮನುಷ್ಯ’ ಎನ್ನುವ ನಮ್ಮ ಜನ, ಹೆಣ್ಣು ಕುಡಿದರೆ ನೇರವಾಗಿ ಅವಳ ನಡತೆಗೇ ಕೈ ಹಾಕುತ್ತಾರೆ, ಅವಳ ತಾಯ್ತನವನ್ನೂ ಪ್ರಶ್ನಿಸುತ್ತಾರೆ. ಇದು ಅನ್ಯಾಯ. ಆದರೆ ಇದಕ್ಕಂಜಿ ಮುಚ್ಚಿಡುವ ಹೆಂಗಸರು ವೈದ್ಯರ ಮುಂದೆಯೂ ನಿದ್ದೆ ಬಾರದು, ಗ್ಯಾಸ್ಟ್ರಿಕ್ ಎಂದಷ್ಟೇ ಹೇಳಿ ನಿದ್ದೆಮಾತ್ರೆ ಬರೆಸಿಕೊಂಡು ಬರುತ್ತಾರೆ. ಮದ್ಯದ ಮೇಲೆ ಆ ಮಾತ್ರೆ ನುಂಗಿದರೆ ಉಸಿರಾಟವೇ ಕುಗ್ಗಬಹುದು. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆಯಿರುವುದರಿಂದ ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ, ಯಕೃತ್ತು ಗಂಡಸರಿಗಿಂತ ಬೇಗ ಕೆಡುತ್ತದೆ. ಆದ್ದರಿಂದ ಕಾಯುತ್ತಾ ಕೂರುವಂತಿಲ್ಲ.

ಗುಟ್ಟಿಗೆ ಕಾನೂನಿನ ಬಲವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ತೊಂದರೆಗಳನ್ನೂ ಕಾಯಿಲೆಯೆಂದೇ ಪರಿಗಣಿಸಿದ್ದು, ಜೀವಕ್ಕೆ ಅಪಾಯ ಅಥವಾ ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭಗಳ ಹೊರತು ಚಿಕಿತ್ಸೆಯ ವಿವರವನ್ನು ವೈದ್ಯರು ಹೊರಗೆಡಹುವಂತಿಲ್ಲ. ಶಾಲೆಗೆ ಅನಾರೋಗ್ಯದ ರಜೆ ಕೇಳುವಾಗ ಕಾಯಿಲೆಯ ವಿವರ ಎಷ್ಟು ಬರೆಯಬೇಕೆಂಬುದನ್ನು ವೈದ್ಯರೊಂದಿಗೆ ಮೊದಲೇ ಮಾತನಾಡಿಕೊಳ್ಳಿ.

ಮೊದಲ ಹೆಜ್ಜೆಯಾಗಿ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಊರಿನಲ್ಲಿ ಗುರುತಿನವರು ಸಿಗುವ ಅಳುಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕಾಗಲಿ, ಧಾರವಾಡದ ಡಿಮ್ಹಾನ್ಸ್‌ಗಾಗಲಿ ಹೋಗಬಹುದು. ದಿನಕ್ಕೆ ಎಷ್ಟು ಕುಡಿಯುತ್ತೀರಿ, ಕೊನೆಯ ಬಾರಿ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ಕಡಿಮೆ ಮಾಡದೆ ಹೇಳಿ. ಔಷಧದ ಪ್ರಮಾಣ ಅದರ ಮೇಲೆಯೇ ನಿಂತಿದೆ.

ಮನೆಯಲ್ಲೇ ಚಿಕಿತ್ಸೆಯಾದರೆ ಮೊದಲ ಕೆಲವು ದಿನ ರಾತ್ರಿಯೂ ಜೊತೆಗಿರುವ ಒಬ್ಬರು ಬೇಕೇ ಬೇಕು. ಅಕ್ಕತಂಗಿಯೋ ಹಳೆಯ ಗೆಳತಿಯೋ, ಆ ಒಬ್ಬರಿಗೆ ಮಾತ್ರ ತಿಳಿಸಿ. ಯಾರೂ ಇಲ್ಲವೆನಿಸಿದರೆ ಆಸ್ಪತ್ರೆಯಲ್ಲಿ ದಾಖಲಾಗುವುದೇ ಲೇಸು. ಅದಕ್ಕೆ ರಜೆಯವರೆಗೆ ಕಾಯಬೇಡಿ.