ಚಾಟ್‌ಬಾಟ್ ಕೊಟ್ಟ ಮಾತು, ಅಂಗಡಿ ಬಿಡಬೇಕಾದ ದುಡ್ಡು

ಪ್ರಶ್ನೆ: ದಾವಣಗೆರೆ ಚೌಕಿಪೇಟೆಯಲ್ಲಿ ನಮ್ಮಪ್ಪನ ಸೀರೆ ಅಂಗಡಿ ಇದೆ. ವಾಟ್ಸಾಪ್‌ನಲ್ಲಿ ಗಿರಾಕಿಗಳಿಗೆ ಉತ್ತರ ಕೊಡೋಕೆ ನಾನೇ ಒಂದು ಚಾಟ್‌ಬಾಟ್ ಹಾಕಿಸಿದ್ದೆ. ಮೊನ್ನೆ ಹರಿಹರದವರು ಮದುವೆ ಸೀರೆ ಆರಿಸಿ, ಬಿಲ್ ಮಾಡುವಾಗ ಫೋನ್ ತೋರಿಸಿ 15 ಪರ್ಸೆಂಟ್ ಬಿಡಿ ಅಂದರು. ಅಪ್ಪನೂ ಹೇಳಿಲ್ಲ, ನಾನೂ ಹೇಳಿಲ್ಲ. ಹಳೇ ಚಾಟ್ ತೆಗೆದು ನೋಡಿದರೆ ಇನ್ನೂ ಹಲವರಿಗೆ ಹೀಗೇ ಹೇಳಿದೆ. ಯಾರಾದರೂ ಹ್ಯಾಕ್ ಮಾಡಿದ್ದಾರಾ? ಆ ದುಡ್ಡು ನಾವು ಬಿಡಲೇಬೇಕಾ?
– ಅಂಗಡಿಯವರ ಮಗಳು, ದಾವಣಗೆರೆ

ಉತ್ತರ: ಹರಿಹರದವರಿಗೆ ಬಿಡಿ. ಯಾರೂ ಹ್ಯಾಕ್ ಮಾಡಿಲ್ಲ.

ಈ ವರ್ಷ ಇದೇ ಪ್ರಶ್ನೆ ನನಗೆ ನಾಲ್ಕನೇ ಸಲ ಬರ್ತಿದೆ. ನಾಲ್ಕು ಸಲವೂ ಮೊದಲ ಅನುಮಾನ ಹ್ಯಾಕ್ ಮೇಲೆ, ಎರಡನೆಯದು ಗಿರಾಕಿ ಮೇಲೆ. ಬಾಟ್‌ಗೆ ನಾವೇ ಏನು ಓದಿಸಿದ್ದೀವಿ ಅಂತ ಯಾರೂ ನೋಡಲ್ಲ. ಅದಕ್ಕೇ ಈ ಸಲ ನಾನೇ ಅಂಗಡಿಗೆ ಹೋದೆ. ಅಪ್ಪ ಗಲ್ಲಾದ ಮುಂದೆ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಮಗಳು ಐದು ವಾರದ ಚಾಟ್ ಪ್ರಿಂಟ್ ಹಾಕಿಸಿ ಇಟ್ಟಿದ್ದರು. ರಿಯಾಯಿತಿ ಮಾತು ಬಂದಿದ್ದು 17 ಚಾಟ್‌ಗಳಲ್ಲಿ. ನಾನು ಒಂದು ಕೆಂಪು ಪೆನ್ನು ತಗೊಂಡೆ. ಪ್ರತಿ ಚಾಟ್‌ನಲ್ಲೂ ಆ ಅಂಕಿ ಮೊದಲು ಯಾರ ಸಾಲಿನಲ್ಲಿ ಬಂತು ಅಂತ ಗುರುತು ಹಾಕುತ್ತಾ ಹೋದೆ. ಇಂಥ ಕೇಸಲ್ಲಿ ಮೊದಲು ಮಾಡಬೇಕಾದ ಕೆಲಸ ಇದೇ. ಅರ್ಧ ಗಂಟೆ ಸಾಕು.

ಒಂಬತ್ತು ಚಾಟ್‌ಗಳಲ್ಲಿ ಬಾಟ್ ಹೇಳಿದ್ದು ಒಂದೇ ಅಂಕಿ, 10. ಬೇರೆ ಬೇರೆ ಜನ, ಬೇರೆ ಬೇರೆ ದಿನ, ಅಂಕಿ ಮಾತ್ರ ಒಂದೇ. ಹಾಗಿದ್ದರೆ ಅದು ಎಲ್ಲೋ ಬರೆದಿಟ್ಟಿದೆ ಅಂತ ಅರ್ಥ. ಹುಡುಕಿದೆವು. ದರಪಟ್ಟಿಯ ಜೊತೆ ದುಗ್ಗಮ್ಮನ ಜಾತ್ರೆ ಸಮಯದ ಪಾಂಪ್ಲೆಟ್ ಕೂಡ ಬಾಟ್‌ಗೆ ಹಾಕಿದ್ದರು. ಅದರಲ್ಲಿ ‘ಶೇ 10 ರಿಯಾಯಿತಿ, ಈ ಭಾನುವಾರದವರೆಗೆ ಮಾತ್ರ’ ಅಂತ ಇತ್ತು. ತಾರೀಖೇ ಇಲ್ಲ. ಜಾತ್ರೆ ಮುಗಿದಿದ್ದು ನಮಗೆ ಗೊತ್ತು, ಬಾಟ್‌ಗೆ ಗೊತ್ತಿಲ್ಲ. ಅದರ ಪಾಲಿಗೆ ಪ್ರತಿ ವಾರವೂ ಒಂದು ‘ಈ ಭಾನುವಾರ’ ಇರುತ್ತೆ.

ಐದು ಚಾಟ್‌ಗಳಲ್ಲಿ ಅಂಕಿ ಮೊದಲು ಬಂದಿದ್ದು ಗಿರಾಕಿಯ ಬಾಯಿಂದ. ‘ಹೋದ ಸಲ ನಿಮ್ಮ ಯಜಮಾನ್ರು 20 ಪರ್ಸೆಂಟ್ ಬಿಟ್ಟಿದ್ರು’ ಅಂತ ಒಬ್ಬರು ಬರೆದಿದ್ದಾರೆ. ಬಾಟ್ ‘ಹೌದು, ಅದೇ ದರಕ್ಕೆ ಕೊಡ್ತೀವಿ’ ಅಂದಿದೆ. ಎದುರಿನವರು ಒತ್ತಿ ಹೇಳಿದ್ದಕ್ಕೆ ಹೂಂಗುಡೋದು ಈ ಬಾಟ್‌ಗಳ ಸ್ವಭಾವ. ಜೊತೆಗೆ ‘ಗಿರಾಕಿಯನ್ನು ಯಾವತ್ತೂ ಬೇಜಾರು ಮಾಡಬೇಡ’ ಅಂತ ಸೂಚನೆಯಲ್ಲೇ ಬರೆದಿಟ್ಟಿದ್ದರು. ಇನ್ನೇನಾಗುತ್ತೆ?

ಉಳಿದಿದ್ದು ಮೂರು. ಹರಿಹರದವರದು ಅದರಲ್ಲೊಂದು. ಅವರು ಕೇಳಿದ್ದು ಇಷ್ಟೇ: ‘ಮದುವೆಗೆ ಹನ್ನೆರಡು ಸೀರೆ ಬೇಕು. ಜಾಸ್ತಿ ತಗೊಂಡ್ರೆ ಎಷ್ಟು ಬಿಡ್ತೀರಿ?’ ಅಂಕಿ ಹೇಳಿಲ್ಲ, ಒತ್ತಾಯ ಮಾಡಿಲ್ಲ. ಬಾಟ್ ಉತ್ತರ: ‘ಮದುವೆ ಖರೀದಿಗೆ ನಮ್ಮಲ್ಲಿ ಶೇ 15 ರಿಯಾಯಿತಿ ಇದೆ, ಫಾಲ್ ಮತ್ತು ಪಿಕೋ ಉಚಿತ.’ ಪಾಂಪ್ಲೆಟ್‌ನಲ್ಲಿ 15 ಇಲ್ಲ. ದರಪಟ್ಟಿಯಲ್ಲೂ ಇಲ್ಲ.

ಎಲ್ಲಿಂದ ಬಂತು ಅಂತ ಮಗಳನ್ನ ಕೇಳಿದಾಗ ಇನ್ನೊಂದು ಫೈಲ್ ಹೊರಗೆ ಬಂತು. ಬಾಟ್ ಅಪ್ಪನ ಥರ ಮಾತಾಡಲಿ ಅಂತ, ಅಪ್ಪನ ಎರಡು ವರ್ಷದ ವಾಟ್ಸಾಪ್ ಮಾತುಕತೆಯನ್ನ ಮಾದರಿಯಾಗಿ ಕೊಟ್ಟಿದ್ದರು. ಅದರಲ್ಲಿ ಅಪ್ಪ ಹತ್ತಾರು ಕಡೆ ಬರೆದಿರೋದು ಒಂದೇ ಮಾತು: ‘ಬನ್ನಿ, ನೋಡಿ ಮಾಡೋಣ.’ ಎರಡೇ ಎರಡು ಕಡೆ, ಇಪ್ಪತ್ತು ವರ್ಷದಿಂದ ಅಂಗಡಿಗೆ ಗಿರಾಕಿ ಕಳಿಸುತ್ತಾ ಬಂದಿರುವ ಟೈಲರ್ ಒಬ್ಬರ ಮಗಳ ಮದುವೆಗೆ, ‘ಆಯ್ತು, 15 ತೆಗೀರಿ, ಫಾಲ್ ಪಿಕೋ ನಾನೇ ಹಾಕಿಸ್ತೀನಿ’ ಅಂತ ಬರೆದಿದ್ದಾರೆ.

ಆ ಹಾಳೆಯನ್ನ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ನೋಡಿ ಮಾಡೋಣ ಅಂದ್ರೆ ಕೊಡ್ತೀನಿ ಅಂತಲ್ಲ, ಮೊದ್ಲು ಅಂಗಡಿ ಹತ್ತಲಿ ಅಂತ’ ಅಂದರು. ಟೈಲರ್ ವಿಷಯಕ್ಕೆ, ‘ಅವ್ರು ಮನೆಯವರಿದ್ದಂಗೆ’ ಅಂದರು. ಇಡೀ ತಪ್ಪು ಇಲ್ಲೇ ಇದೆ. ಯಾರಿಗೆ ಎಷ್ಟು ಬಿಡಬೇಕು ಅನ್ನೋದು ಅಪ್ಪನ ತಲೆಯಲ್ಲಿದೆ, ಚಾಟ್‌ನಲ್ಲಿಲ್ಲ. ಬಾಟ್‌ಗೆ ಸಿಕ್ಕಿದ್ದು ಬರೀ ಅಕ್ಷರ. ಒಂದು ಮಾತಿನ ಮುಂದೆ ಯಾವ ಮಾತು ಹೊಂದುತ್ತೆ ಅಂತ ಲೆಕ್ಕ ಹಾಕಿ ಬರೆಯೋದಷ್ಟೇ ಅದರ ಕೆಲಸ. ‘ಮದುವೆ’, ‘ಎಷ್ಟು ಬಿಡ್ತೀರಿ’ ಅನ್ನೋದರ ಮುಂದೆ 15, ಫಾಲ್, ಪಿಕೋ ಚೆನ್ನಾಗಿ ಹೊಂದಿದವು. ಟೈಲರ್‌ಗೆ ಮಾಡಿದ ಉಪಕಾರ ಊರಿಗೆಲ್ಲ ಅಂಗಡಿಯ ನಿಯಮವಾಯ್ತು.

ಈಗ ದುಡ್ಡಿನ ವಿಷಯ. ಹರಿಹರದವರ ಬಿಲ್ 38,400 ರೂಪಾಯಿ. ಶೇ 15 ಅಂದರೆ 5,760. ಅವರು ಆ ಮಾತು ನಂಬಿ ಊರಿಂದ ಬಂದು ಸೀರೆ ಆರಿಸಿದ್ದಾರೆ. ‘ಅದು ಹೇಳಿದ್ದು ಕಂಪ್ಯೂಟರ್, ನಾವಲ್ಲ’ ಅನ್ನೋ ವಾದ ನಿಲ್ಲೋದು ಕಷ್ಟ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 11ನೇ ಸೆಕ್ಷನ್ ಪ್ರಕಾರ, ತಾನಾಗೇ ಕೆಲಸ ಮಾಡಲಿ ಅಂತ ನೀವು ಹೊಂದಿಸಿಟ್ಟ ವ್ಯವಸ್ಥೆ ಕಳಿಸಿದ ಸಂದೇಶ ನೀವೇ ಕಳಿಸಿದ ಹಾಗೆ. ಕೆನಡಾದಲ್ಲಿ ಏರ್ ಕೆನಡಾ ವಿಮಾನ ಕಂಪನಿ ಇದೇ ವಾದ ಮಾಡಿ ಸೋತಿದೆ. ಅಜ್ಜಿ ತೀರಿಕೊಂಡಾಗ ಹೊರಟ ಪ್ರಯಾಣಿಕರೊಬ್ಬರಿಗೆ, ಟಿಕೆಟ್ ತಗೊಂಡು 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಸಿಗುತ್ತೆ ಅಂತ ಅದರ ಚಾಟ್‌ಬಾಟ್ ಹೇಳಿತ್ತು. ಕಂಪನಿಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಅಂತ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನ ಒಪ್ಪಲಿಲ್ಲ. ಸುಮಾರು 812 ಕೆನಡಾ ಡಾಲರ್ ಕೊಡಿ ಅಂತ ಹೇಳಿತು. ಆ ತೀರ್ಪು ನಮ್ಮ ಕೋರ್ಟುಗಳನ್ನ ಕಟ್ಟಿಹಾಕಲ್ಲ. ಆದರೂ 5,760 ರೂಪಾಯಿಗೆ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಬೇಡಿ. ಫಾಲ್, ಪಿಕೋನೂ ಹಾಕಿಸಿಕೊಡಿ.

10 ಪರ್ಸೆಂಟ್ ಕೇಳಿಸಿಕೊಂಡ ಒಂಬತ್ತು ಜನರ ವಿಷಯ ಬೇರೆ. ಇಬ್ಬರು ಆಗಲೇ ಬಂದು ಕೊಂಡಿದ್ದರು, ಅವರಿಗೆ ವ್ಯತ್ಯಾಸ ವಾಪಸ್ ಕೊಡಿ ಅಂದೆ. ಉಳಿದ ಏಳು ಜನ ಇನ್ನೂ ಬಂದಿಲ್ಲ. ಎದುರಿನವರು ಒಪ್ಪಿಕೊಳ್ಳೋಕೆ ಮೊದಲು ಕೊಟ್ಟ ಮಾತನ್ನ ಹಿಂದೆ ತಗೊಳ್ಳಬಹುದು, ಕರಾರು ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಅದು ಅವರಿಗೆ ತಲುಪಬೇಕು. ಅವತ್ತು ಸಂಜೆಯೇ ಏಳು ಜನಕ್ಕೂ ಅಪ್ಪನ ಹೆಸರಲ್ಲಿ ಸಂದೇಶ ಹೋಯ್ತು: ‘ನಮ್ಮ ಚಾಟ್‌ನಲ್ಲಿ ಶೇ 10 ರಿಯಾಯಿತಿ ಅಂತ ತಪ್ಪಾಗಿ ಬಂದಿದೆ. ಅದು ಜಾತ್ರೆಯ ಕೊಡುಗೆ, ಈಗ ಇಲ್ಲ. ತೊಂದರೆಗೆ ಕ್ಷಮಿಸಿ.’ ತಾವೇ ಅಂಕಿ ಹೇಳಿ ಹೂಂಗುಡಿಸಿಕೊಂಡ ಐದು ಜನಕ್ಕೆ ಅಪ್ಪನೇ ಫೋನ್ ಮಾಡಿದರು. ಅಂಥವರ ಜೊತೆ ಬರೆದು ವಾದ ಮಾಡೋದಕ್ಕಿಂತ ಮಾತಾಡೋದು ಮೇಲು. ಹರಿಹರದವರನ್ನ ಬಿಟ್ಟು ಉಳಿದ ಇಬ್ಬರೂ ಇನ್ನೂ ಬಂದಿರಲಿಲ್ಲ. ಅವರಿಗೂ ಅಪ್ಪನೇ ಫೋನ್ ಮಾಡಿ ತಿಳಿಸಿದರು.

ಇನ್ನು ರಿಪೇರಿ. ಪಾಂಪ್ಲೆಟ್ ತೆಗೆಯಿರಿ, ಅಪ್ಪನ ಹಳೇ ಚಾಟ್ ಪೂರ್ತಿ ತೆಗೆಯಿರಿ. ಗಿರಾಕಿಗಳ ಖಾಸಗಿ ಮಾತನ್ನ ಹಾಗೆ ಹಾಕಿದ್ದೇ ತಪ್ಪು, ಅದನ್ನ ಮಗಳಿಗೆ ಖಾರವಾಗೇ ಹೇಳಿದ್ದೀನಿ. ಆಮೇಲೆ ದರ ಹೇಳೋ ಅಧಿಕಾರವನ್ನೇ ಬಾಟ್‌ನಿಂದ ಕಿತ್ತುಕೊಳ್ಳಿ. ಯಾವ ಸೀರೆ ಕೇಳ್ತಿದ್ದಾರೆ ಅಂತ ಅದು ಗುರುತಿಸಲಿ ಸಾಕು, ಬೆಲೆ ಶೀಟ್‌ನಿಂದ ನೇರವಾಗಿ ಬರಲಿ. ಶೀಟ್‌ನಲ್ಲಿ ರಿಯಾಯಿತಿಗೆ ಒಂದು ಕಾಲಂ, ಪಕ್ಕದಲ್ಲಿ ಕೊನೇ ತಾರೀಖು. ಕಾಲಂ ಖಾಲಿ ಇದ್ದರೆ ರಿಯಾಯಿತಿ ಇಲ್ಲ. ಆ ಶೀಟ್‌ನ ಸಾಲು ಬಿಟ್ಟು, ಬಾಟ್ ತಾನಾಗಿ ಬರೆದ ಪ್ರತಿ ಉತ್ತರವೂ ಗಿರಾಕಿಗೆ ಹೋಗೋ ಮೊದಲು ಒಂದು ಜರಡಿ ದಾಟಬೇಕು. ನಿಮಗೆ ಬಾಟ್ ಮಾಡಿಕೊಟ್ಟವರಿಗೆ ಇದನ್ನ ಕೊಡಿ:

```
import re
tade = (r"%|ಶೇ\s*[0-9೦-೯]|ಶೇಕಡ|ಪರ್ಸೆಂಟ್|ರಿಯಾಯಿತಿ|ಡಿಸ್ಕೌಂಟ್"
        r"|ಆಫರ್|ಕಡಿಮೆ|ಉಚಿತ|ಫ್ರೀ|ಅದೇ ದರ|discount|offer|free|percent|kammi")
if re.search(tade, uttara, re.I):
    uttara = "ಈ ಬಗ್ಗೆ ಅಂಗಡಿಯವರೇ ಮಾತಾಡ್ತಾರೆ."
```

ಇದರಲ್ಲಿ `ಶೇ` ಒಂದನ್ನೇ ಹಾಕಬೇಡಿ. ‘ವಿಶೇಷ’ ಅನ್ನೋ ಪದದೊಳಗೂ ಶೇ ಇದೆ, ‘ವಿಶೇಷ ಇಳಕಲ್ ಸೀರೆ’ ಅಂದರೂ ತಡೆಯುತ್ತೆ. ಅದಕ್ಕೇ ಮುಂದೆ ಅಂಕಿ ಇದ್ದರೆ ಮಾತ್ರ ಅಂತ ಬರೆದಿದ್ದೀನಿ. ಕನ್ನಡ ಅಂಕಿಯನ್ನೂ ಸೇರಿಸಿದ್ದೀನಿ. ನಮ್ಮ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಾರೆ, ಬಾಟ್ ಕೂಡ ಹಾಗೇ ಉತ್ತರ ಕೊಡುತ್ತೆ. `kammi` ಇರೋದು ಅದಕ್ಕೆ. ‘ಕಡಿಮೆ ತೂಕದ ಸೀರೆ’ ಅಂದಾಗಲೂ ಜರಡಿ ತಡೆಯುತ್ತೆ. ತಡೆಯಲಿ. ಅದರಿಂದ ಹೋಗೋದು ಒಂದು ಫೋನ್ ಕರೆ.

ಈ ಜರಡಿಗೂ ಮಿತಿ ಇದೆ. ‘ಇಷ್ಟವಾಗದಿದ್ದರೆ ತಿಂಗಳೊಳಗೆ ವಾಪಸ್ ತಗೊಳ್ತೀವಿ’ ಅಂತ ಬಾಟ್ ಹೇಳಿದರೆ ಈ ಪದಗಳಲ್ಲಿ ಒಂದೂ ಇಲ್ಲ, ಹಾಗೇ ದಾಟಿ ಹೋಗುತ್ತೆ. ಅದಕ್ಕೆ ಮೊದಲ ಒಂದು ತಿಂಗಳು ರಾತ್ರಿ ಅಂಗಡಿ ಮುಚ್ಚೋ ಮೊದಲು ಆ ದಿನದ ಚಾಟ್ ಮೇಲೆ ಕಣ್ಣಾಡಿಸಿ. ಹೊಸ ಥರದ ಮಾತು ಕೊಟ್ಟಿದ್ದು ಕಂಡರೆ ಆ ಪದವನ್ನೂ ಜರಡಿಗೆ ಸೇರಿಸಿ. ಮತ್ತೆ ಬಾಟ್ ಚಾಲು ಮಾಡೋ ಮೊದಲು ನೀವೇ ಗಿರಾಕಿಯಾಗಿ ಇಪ್ಪತ್ತು ಸಲ ಚೌಕಾಶಿ ಮಾಡಿ. ಒಂದೇ ಪ್ರಶ್ನೆಯನ್ನ ನಾಲ್ಕೈದು ಸಲ ಕೇಳಿ. ಒಂದು ಸಲ ಸರಿ ಹೇಳಿದ್ದು ಇನ್ನೊಂದು ಸಲ ತಪ್ಪು ಹೇಳಬಹುದು.

ಚೌಕಿಪೇಟೆ ಅಂಗಡಿಯಲ್ಲಿ ಈಗ ಯಾರಾದರೂ ‘ಎಷ್ಟು ಬಿಡ್ತೀರಿ’ ಅಂತ ಕೇಳಿದರೆ ಚಾಟ್ ಅಪ್ಪನ ಫೋನಿಗೆ ಬರುತ್ತೆ. ಅವರು ಬರೆಯೋದು ಹಳೇ ಮಾತೇ: ‘ಬನ್ನಿ, ನೋಡಿ ಮಾಡೋಣ.’

ಪ್ರಶ್ನೆ: ಸೂಚನೆಯಲ್ಲಿ ‘ಸುಳ್ಳು ಹೇಳಬೇಡ’ ಅಂತ ಬರೆದರೆ ಸಾಕಲ್ವಾ?
– ಹೊಳಲ್ಕೆರೆ

ಉತ್ತರ: ಸಾಕಾಗಲ್ಲ. ತಾನು ಹೇಳ್ತಿರೋದು ಸುಳ್ಳು ಅಂತ ಅದಕ್ಕೆ ಗೊತ್ತೇ ಇರಲ್ಲ.

ಪ್ರಶ್ನೆ: ಒಬ್ಬರು 999 ರೂಪಾಯಿಗೆ ‘ತಪ್ಪೇ ಹೇಳದ ಬಾಟ್’ ಮಾಡಿಕೊಡ್ತಾರಂತೆ. ತಗೊಳ್ಳಲಾ?
– ಚಿತ್ರದುರ್ಗ

ಉತ್ತರ: ಬೇಡ. ಅಂಥದ್ದನ್ನ ಯಾರೂ ಮಾಡಿಲ್ಲ. ಹಾಗೆ ಹೇಳಿ ಮಾರೋರು ನಿಮ್ಮ ದುಡ್ಡನ್ನೂ ತಿಂತಾರೆ, ಗಿರಾಕಿಯನ್ನೂ ಕಳೀತಾರೆ.

ಪ್ರಶ್ನೆ: ‘ಚಾಟ್‌ನ ಮಾತಿಗೆ ನಾವು ಜವಾಬ್ದಾರರಲ್ಲ’ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ?
– ದಾವಣಗೆರೆ

ಉತ್ತರ: ಅದನ್ನೇ ನಂಬಿ ಕೂರಬೇಡಿ. ಸರಿಯಾದ ನಿಯಮ ವೆಬ್‌ಸೈಟ್‌ನ ಇನ್ನೊಂದು ಪುಟದಲ್ಲಿ ಇತ್ತು ಅಂತ ಏರ್ ಕೆನಡಾ ಕೂಡ ಹೇಳಿತ್ತು. ಒಂದೇ ಕಂಪನಿಯ ಎರಡು ಮಾತಲ್ಲಿ ಯಾವುದು ನಿಜ ಅಂತ ಗಿರಾಕಿ ಯಾಕೆ ಪರೀಕ್ಷೆ ಮಾಡಬೇಕು ಅಂತ ನ್ಯಾಯಮಂಡಳಿ ಕೇಳಿತು.