ನೆರೆಯಲ್ಲಿ ನೆನೆದ ಅಡಿಕೆ ದಾಸ್ತಾನಿಗೆ ಕ್ಲೇಮ್ ಇಮೇಲ್

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಅಡಿಕೆ ಗೋದಾಮಿಗೆ ತುಂಗೆಯ ನೆರೆ ನೀರು ನುಗ್ಗಿ ಕೆಳಗಿನ ಸಾಲಿನ ಚೀಲಗಳೆಲ್ಲ ನೆನೆದಿವೆ. ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಹೇಗೆ ಬರೆಯಲಿ?

ನಾನು ಇಲ್ಲಿನ ಮಂಡಿಗಳ ಲೆಕ್ಕ ಬರೆಯುವವನು. ಮೊದಲು ಇವತ್ತೇ ನಾಲ್ಕು ಸಾಲಿನ ಇಮೇಲ್ ಕಳಿಸಿಬಿಡಿ: ಪಾಲಿಸಿ ನಂಬರ್, ಗೋದಾಮಿನ ವಿಳಾಸ, ನೀರು ನುಗ್ಗಿದ ದಿನ ಮತ್ತು ಹೊತ್ತು, ಅಂದಾಜು ನಷ್ಟ, ನಷ್ಟ ಅಳೆಯಲು ಸರ್ವೇಯರ್ ಕಳಿಸಿ ಎಂಬ ಕೋರಿಕೆ. ಮಳೆಗಾಲದಲ್ಲಿ ಒದ್ದೆ ಅಡಿಕೆಗೆ ಬೇಗ ಬೂಸ್ಟು ಹಿಡಿಯುತ್ತದೆ. ಹಾಗಾಗಿ "ನೆನೆದದ್ದನ್ನು ಬೇರ್ಪಡಿಸಿ ಒಣಗಿಸುತ್ತಿದ್ದೇವೆ, ಅಭ್ಯಂತರವಿದ್ದರೆ ಕೂಡಲೇ ತಿಳಿಸಿ" ಎಂದೂ ಬರೆಯಿರಿ. ಹಾಳಾದ ಚೀಲ ಒಂದನ್ನೂ ಸರ್ವೇಯರ್ ನೋಡುವ ಮುಂಚೆ ಹೊರಗೆ ಹಾಕಬೇಡಿ. ಗೋಡೆಯ ಮೇಲೆ ನೀರು ನಿಂತ ಗುರುತಿಗೆ ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ.

ವಿವರವಾದ ಇಮೇಲ್ ಆಮೇಲೆ. ಅದರ ಜೀವಾಳ ದಾಸ್ತಾನಿನ ಲೆಕ್ಕ. ಒಂದು ಉದಾಹರಣೆ ಕೊಡುತ್ತೇನೆ:

"ತಿಂಗಳ ಮೊದಲ ದಿನ ನಮ್ಮ ಸ್ವಂತ ರಾಶಿ ಅಡಿಕೆ 120 ಕ್ವಿಂಟಲ್ ಇತ್ತು. ನೆರೆಯ ದಿನದವರೆಗೆ ಖರೀದಿ 60, ಮಾರಾಟ 40. ಉಳಿದದ್ದು 140 ಕ್ವಿಂಟಲ್. ಇದರಲ್ಲಿ 92 ಕ್ವಿಂಟಲ್ ನೆನೆಯದೆ ಉಳಿದಿದೆ, 48 ನೆನೆದಿದೆ. ಖರೀದಿ ದರ ಸರಾಸರಿ ಕ್ವಿಂಟಲ್‌ಗೆ 46,000 ರೂಪಾಯಿಯಂತೆ ನೆನೆದ ಮಾಲಿನ ಬೆಲೆ 22,08,000. ಅದರಲ್ಲಿ 30 ಕ್ವಿಂಟಲ್ ಒಣಗಿಸಿದರೆ 20,000ದಂತೆ ಮಾರಬಹುದು, 6,00,000 ಬರುತ್ತದೆ. ಅದನ್ನು ಕಳೆದು ಕ್ಲೇಮ್ 16,08,000 ರೂಪಾಯಿ."

ಲೆಕ್ಕ ಖರೀದಿ ದರದಲ್ಲಿರಲಿ, ಲಾಭ ಸೇರಿಸಬೇಡಿ. ನೆನೆದ ಚೀಲವನ್ನು ತಕ್ಕಡಿಗೆ ಹಾಕಿ ತೂಕ ಬರೆಯಬೇಡಿ. ನೀರು ಕುಡಿದು ತೂಕ ಏರಿರುತ್ತದೆ. ಚೀಲ ಎಣಿಸಿ, ರಿಜಿಸ್ಟರ್‌ನಲ್ಲಿರುವ ಒಣ ತೂಕವನ್ನೇ ಹಿಡಿಯಿರಿ. ಸರ್ವೇಯರ್ ಉಳಿದ ಒಣ ಚೀಲಗಳನ್ನೂ ಎಣಿಸುತ್ತಾರೆ. ಎರಡೂ ಸೇರಿ 140 ಬರಬೇಕು.

ಕ್ಲೇಮ್ ಹೆಚ್ಚಾಗಿ ಸಿಕ್ಕಿಬೀಳುವುದು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ. ಓವರ್‌ಡ್ರಾಫ್ಟ್ ಸಾಲಕ್ಕಾಗಿ ಅಲ್ಲಿ ಒಂದು ಅಂಕಿ, ಕ್ಲೇಮ್‌ನಲ್ಲಿ ಇನ್ನೊಂದು ಅಂಕಿ ಇದ್ದರೆ ಸರ್ವೇಯರ್ ಕೇಳಿಯೇ ಕೇಳುತ್ತಾರೆ. ವ್ಯತ್ಯಾಸವಿದ್ದರೆ ಕಾರಣವನ್ನು ನೀವೇ ಮೊದಲು ಬರೆದುಬಿಡಿ. ಇದರ ಜೊತೆ ದಾಸ್ತಾನು ರಿಜಿಸ್ಟರ್, ಖರೀದಿ-ಮಾರಾಟ ಬಿಲ್, ಜಿಎಸ್‌ಟಿ ರಿಟರ್ನ್, ಕಳೆದ ವರ್ಷದ ಆಡಿಟ್ ಆದ ಬ್ಯಾಲೆನ್ಸ್ ಶೀಟ್, ಪಾಲಿಸಿ ಪ್ರತಿ, ಫೋಟೊಗಳು, ನೆರೆ ಬಂದದ್ದಕ್ಕೆ ಕಂದಾಯ ಇಲಾಖೆಯ ಪತ್ರ ಇವಿಷ್ಟನ್ನು ಲಗತ್ತಿಸಿ, ಒಂದೊಂದಕ್ಕೂ ನಂಬರ್ ಹಾಕಿ.

ಇನ್ನೊಂದು, ನಮ್ಮೂರಿನಲ್ಲಿ ಇದು ತುಂಬ ಮುಖ್ಯ. ರೈತರು ಮಾರಾಟಕ್ಕೆಂದು ನಿಮ್ಮ ಮಂಡಿಯಲ್ಲಿ ಇಟ್ಟ ಅಡಿಕೆ ಇದ್ದರೆ ಅದನ್ನು ಸ್ವಂತ ಮಾಲಿನ ಜೊತೆ ಸೇರಿಸಬೇಡಿ. ಕಮಿಷನ್ ಮೇಲೆ ಇಟ್ಟ ಪರರ ಮಾಲಿಗೆ ಸಾಮಾನ್ಯವಾಗಿ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಪರಿಹಾರ. ಬರೆದಿದ್ದರೆ ರೈತರ ಹೆಸರು, ಚೀಲಗಳ ಸಂಖ್ಯೆ, ನೀವು ಕೊಟ್ಟ ರಸೀದಿಯ ಪ್ರತಿ ಸೇರಿಸಿ ಪ್ರತ್ಯೇಕ ಪಟ್ಟಿ ಮಾಡಿ. ಬರೆದಿಲ್ಲವಾದರೆ ಆ ರೈತರಿಗೆ ಈಗಲೇ ತಿಳಿಸಿ; ಅವರ ವರ್ಷದ ದುಡಿಮೆ ಆ ಚೀಲಗಳಲ್ಲಿದೆ.