ಬ್ರೇಕ್‌ಈವನ್‌ಗೆ ಸ್ಟಾಪ್ ಲಾಸ್ ತಂದರೂ ನಷ್ಟ ಯಾಕೆ?

ಪ್ರಶ್ನೆ: ಲಾಭದಲ್ಲಿರೋ ಶೇರನ್ನ ಹಂತ ಹಂತವಾಗಿ ಇನ್ನಷ್ಟು ಕೊಳ್ತೀನಿ. ಪ್ರತಿ ಸಲ ಸ್ಟಾಪ್ ಲಾಸನ್ನ ನಾನು ಮೊದಲು ಕೊಂಡ ಬೆಲೆಗೆ ತಂದಿಡ್ತೀನಿ. ಆದರೂ ಸ್ಟಾಪ್ ಹೊಡೆದಾಗ ನಷ್ಟವೇ ಬರ್ತಿದೆ. ಎಲ್ಲಿ ತಪ್ತಿದೆ?

ಉತ್ತರ: ಮೊದಲು ಕೊಂಡ ಬೆಲೆ ನಿಮ್ಮ ಮೊದಲ ಕಂತಿಗೆ ಮಾತ್ರ ಬ್ರೇಕ್‌ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದ ಬೆಲೆ. ಎರಡನೇ ಕಂತು ಸೇರಿದ ಕ್ಷಣವೇ ಆ ಬೆಲೆಗೆ ಅರ್ಥ ಹೋಯಿತು. ಆಮೇಲೆ ನೋಡಬೇಕಾದದ್ದು ಎಲ್ಲ ಕಂತುಗಳ ಸರಾಸರಿಯನ್ನು, ಅದರ ಮೇಲೆ ಖರ್ಚನ್ನು.

ಡೆಲಿವರಿಗೆ ಕೊಳ್ಳುವ ಒಂದು ಶೇರನ್ನೇ ತೆಗೆದುಕೊಳ್ಳೋಣ. ನಿಮ್ಮ ಬಂಡವಾಳ 5 ಲಕ್ಷ, ಒಂದು ಟ್ರೇಡಿನಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು ಶೇಕಡಾ 1, ಅಂದರೆ ₹5,000. ಎಂಟ್ರಿ ₹500, ಸ್ಟಾಪ್ ₹480. ಒಂದು ಶೇರಿಗೆ ₹20 ರಿಸ್ಕ್, ಹಾಗಾಗಿ 250 ಶೇರು. ಬೆಲೆ ₹520ಕ್ಕೆ ಬಂದಾಗ 125 ಶೇರು ಸೇರಿಸಿದಿರಿ. ಈಗ 375 ಶೇರಿಗೆ ಹಾಕಿದ ಹಣ ₹1,90,000, ಸರಾಸರಿ ₹506.67. ನೀವು ಮಾಡುವ ಹಾಗೆ ಸ್ಟಾಪನ್ನು ₹500ಕ್ಕೆ ಇಟ್ಟು ಅದು ಹೊಡೆದರೆ ₹2,500 ನಷ್ಟ. ರಿಸ್ಕ್ ಅರ್ಧಕ್ಕೆ ಇಳಿದಿದೆ, ಸೊನ್ನೆಯಾಗಿಲ್ಲ. ಇದರ ಮೇಲೆ ಖರ್ಚು ಬೇರೆ. ಡೆಲಿವರಿಯಲ್ಲಿ ಕೊಳ್ಳುವಾಗ ಶೇಕಡಾ 0.1, ಮಾರುವಾಗ ಮತ್ತೆ ಶೇಕಡಾ 0.1 ಎಸ್‌ಟಿಟಿ ತೆರಿಗೆ ಹೋಗುತ್ತದೆ. ಸ್ಟಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಶುಲ್ಕ, ಡಿಪಿ ಶುಲ್ಕ ಸೇರಿಸಿದರೆ ಈ ಲೆಕ್ಕದಲ್ಲಿ ಶೇರೊಂದಕ್ಕೆ ಸುಮಾರು ಒಂದೂಕಾಲು ರೂಪಾಯಿ. ನಿಮ್ಮ ನಿಜವಾದ ಬ್ರೇಕ್‌ಈವನ್ ₹508.

ಹಾಗಾದರೆ ಸ್ಟಾಪನ್ನು ಸುಮ್ಮನೆ ₹508ಕ್ಕೆ ಎತ್ತಿಬಿಟ್ಟರೆ ಆಯಿತಲ್ಲ ಅನ್ನಿಸಬಹುದು. ಬಹಳ ಜನ ಎಡವುವುದು ಇಲ್ಲೇ. ಈ ಶೇರಿನ 14 ದಿನದ ಎಟಿಆರ್ ₹10 ಅಂದುಕೊಳ್ಳಿ, ಅಂದರೆ ದಿನಕ್ಕೆ ಹತ್ತು ರೂಪಾಯಿ ಮೇಲೆ ಕೆಳಗೆ ಆಡುವುದು ಅದರ ಸಹಜ ಗುಣ. ಬೆಲೆ ₹520 ಮುಟ್ಟಿದ ಕೂಡಲೇ ಸ್ಟಾಪ್ ₹508ಕ್ಕೆ ಬಂದರೆ ಒಂದೆರಡು ಮಾಮೂಲಿ ದಿನಗಳ ಇಳಿತವೇ ನಿಮ್ಮನ್ನು ಹೊರಗೆ ಹಾಕಬಹುದು. ಆಮೇಲೆ ಶೇರು ನಿಮ್ಮನ್ನು ಬಿಟ್ಟು ಮೇಲೆ ಹೋಗುತ್ತದೆ. ಸ್ಟಾಪ್ ಎಲ್ಲಿರಬೇಕು ಅನ್ನುವುದನ್ನು ಚಾರ್ಟ್ ಹೇಳಬೇಕು. ನೀವು ಎಷ್ಟಕ್ಕೆ ಕೊಂಡಿದ್ದೀರಿ ಅನ್ನುವುದು ಮಾರುಕಟ್ಟೆಗೆ ಗೊತ್ತೂ ಇಲ್ಲ, ಬೇಕೂ ಇಲ್ಲ.

ಆದ್ದರಿಂದ ಕ್ರಮವನ್ನು ತಿರುಗಿಸಿ: ಮೊದಲು ಸ್ಟಾಪಿನ ಜಾಗ ಹುಡುಕಿ, ಅದಕ್ಕೆ ತಕ್ಕಷ್ಟೇ ಶೇರು ಸೇರಿಸಿ. ₹500ಕ್ಕೆ ಕೊಂಡ ಶೇರು ₹527ರವರೆಗೆ ಏರಿತು ಅನ್ನೋಣ. ಆಗ ಏನೂ ಮಾಡಬೇಡಿ, ಸ್ಟಾಪ್ ₹480ರಲ್ಲೇ ಇರಲಿ. ಅದು ₹512ಕ್ಕೆ ಇಳಿದು, ಅಲ್ಲಿ ನಿಂತು, ಮತ್ತೆ ಏರಿ ₹520 ದಾಟಿದಾಗ ನಿಮಗೆ ಒಂದು ಹೊಸ ತಳ ಸಿಕ್ಕಿದೆ. ಸ್ಟಾಪ್ ಆ ತಳದ ಸ್ವಲ್ಪ ಕೆಳಗೆ, ₹510ರಲ್ಲಿ. ಈಗ ಎಷ್ಟು ಸೇರಿಸಬಹುದು ಅನ್ನುವುದಕ್ಕೆ ಈ ಲೆಕ್ಕ:

```
x = Q × (S − A) / (P − S)
```

Q ಈಗಿರುವ ಶೇರು, A ಅವುಗಳ ಸರಾಸರಿ ಬೆಲೆ, S ಹೊಸ ಸ್ಟಾಪ್, P ಹೊಸದಾಗಿ ಕೊಳ್ಳುವ ಬೆಲೆ. ಖರ್ಚು ಬಿಟ್ಟು, ಅಸಲು ಮುಟ್ಟದ ಹಾಗೆ ಸೇರಿಸಬಹುದಾದ ಗರಿಷ್ಠ ಸಂಖ್ಯೆ x. ಇಲ್ಲಿ 250 × 10 / 10, ಅಂದರೆ 250. ನೀವು ಸೇರಿಸುವುದು 125 ಮಾತ್ರ, ಹಾಗಾಗಿ ₹510ರಲ್ಲಿ ಸ್ಟಾಪ್ ಹೊಡೆದರೂ ₹1,250 ಉಳಿಯುತ್ತದೆ, ಖರ್ಚು ಅದರಲ್ಲೇ ಮುಗಿಯುತ್ತದೆ. ಅದೇ ತಳ ₹504ಕ್ಕೆ ಬಿದ್ದು ಸ್ಟಾಪ್ ₹502ರಲ್ಲಿ ಇಡಬೇಕಾಗಿದ್ದರೆ? 250 × 2 / 18, ಬರೀ 27 ಶೇರು. ಅಷ್ಟಕ್ಕೆ ಸೇರಿಸುವ ಗೋಜೇ ಬೇಡ, ಮುಂದಿನ ತಳಕ್ಕೆ ಕಾಯಿರಿ. ನನ್ನ ದೃಷ್ಟಿಯಲ್ಲಿ ಈ ಪದ್ಧತಿಯಲ್ಲಿ ಅತಿ ಮುಖ್ಯವಾದದ್ದು ಈ ಒಂದು ಲೆಕ್ಕ. ಇದನ್ನು ಹಾಕದೆ ಸೇರಿಸುವವರು ಲಾಭದ ಟ್ರೇಡನ್ನು ಕೈಯಾರೆ ನಷ್ಟಕ್ಕೆ ತಿರುಗಿಸುತ್ತಾರೆ.

ಮೂರನೇ ಕಂತಿಗೂ ಹೀಗೇ. ಶೇರು ₹548ಕ್ಕೆ ಹೋಗಿ, ₹522ಕ್ಕೆ ಇಳಿದು, ಮತ್ತೆ ₹540 ದಾಟಿತು. ಸ್ಟಾಪ್ ₹520. ಲೆಕ್ಕ 250ರವರೆಗೆ ಅವಕಾಶ ಕೊಡುತ್ತದೆ, ಆದರೆ 60 ಸಾಕು. ಯಾಕೆ ಅಂತ ಕೇಳಿದರೆ: 250, 125, 60 ಎಂದು ಇಳಿಸುತ್ತಾ ಹೋದಾಗ 435 ಶೇರಿನ ಸರಾಸರಿ ₹511.26, ₹520ರಲ್ಲಿ ಸ್ಟಾಪ್ ಹೊಡೆದರೆ ₹3,800 ಲಾಭ. ಅದೇ ಬೆಲೆಗಳಲ್ಲಿ 60, 125, 250 ಎಂದು ತಿರುಗಿಸಿ ಕೊಂಡಿದ್ದರೆ ಸರಾಸರಿ ₹528.74, ಅದೇ ಸ್ಟಾಪಿನಲ್ಲಿ ₹3,800 ನಷ್ಟ. ಶೇರು ಅಷ್ಟೇ, ಬೆಲೆಗಳೂ ಅವೇ, ಬದಲಾದದ್ದು ಯಾವಾಗ ಎಷ್ಟು ಕೊಂಡಿರಿ ಅನ್ನುವುದು ಮಾತ್ರ. ಶೇರು ಓಡುತ್ತಿದೆ ಅಂತ ಧೈರ್ಯ ಬಂದಾಗಲೇ ದೊಡ್ಡ ಕಂತು ಹಾಕಬೇಕು ಅನ್ನಿಸುತ್ತದೆ, ಸರಾಸರಿ ಬೆಲೆ ಮೇಲಕ್ಕೆ ಜಿಗಿಯುವುದು ಆಗಲೇ. ಫ್ಯೂಚರ್ಸ್‌ನಲ್ಲಿ ಒಂದು ಲಾಟನ್ನು ಒಡೆಯಲು ಆಗುವುದಿಲ್ಲ, ಆದ್ದರಿಂದ ಅಲ್ಲಿ ಈ ಆಕಾರ ಬರಬೇಕಾದರೆ 4, 2, 1 ಲಾಟ್ ಬೇಕು. ಸಣ್ಣ ಖಾತೆಗೆ ಅದು ಹೊಂದುವುದಿಲ್ಲ.

ಇನ್ನು ಆರ್ಡರ್ ಹಾಕುವಲ್ಲಿ ಆಗುವ ತಪ್ಪು. ಮೊದಲ ದಿನ 250 ಶೇರಿಗೆ ಜಿಟಿಟಿ, ಅಂದರೆ ಟ್ರಿಗರ್ ಬೆಲೆ ಮುಟ್ಟುವವರೆಗೆ ಕಾಯುವ ಆರ್ಡರ್, ಹಾಕಿರುತ್ತೀರಿ. ಆಮೇಲೆ 125 ಸೇರಿಸಿ ಟ್ರಿಗರ್ ಬೆಲೆ ಮಾತ್ರ ಬದಲಿಸುತ್ತೀರಿ, ಸಂಖ್ಯೆ ಹಾಗೇ ಉಳಿಯುತ್ತದೆ. ಸ್ಟಾಪ್ ಹೊಡೆದಾಗ 250 ಮಾತ್ರ ಮಾರಾಟವಾಗಿ, ದುಬಾರಿಗೆ ಕೊಂಡಷ್ಟು ಶೇರು ಸ್ಟಾಪಿಲ್ಲದೆ ಬೀಳುತ್ತಾ ಹೋಗುತ್ತದೆ. ಆರ್ಡರ್ ತೆರೆದು ಸಂಖ್ಯೆ 375 ಇದೆಯೇ ಅಂತ ಕಣ್ಣಾರೆ ನೋಡಿ. ಮಾರಿದ ಶೇರನ್ನು ಡಿಮ್ಯಾಟ್‌ನಿಂದ ತೆಗೆಯಲು ಬ್ರೋಕರಿಗೆ ಕೊಡುವ ಅಧಿಕಾರವಾದ ಡಿಡಿಪಿಐ ಕೊಟ್ಟಿಲ್ಲದಿದ್ದರೆ, ಆ ದಿನ ಟಿಪಿನ್ ಹಾಕಿ ಒಪ್ಪಿಗೆ ಕೊಡದೆ ಡಿಮ್ಯಾಟ್‌ನಲ್ಲಿರುವ ಶೇರಿನ ಮಾರಾಟದ ಆರ್ಡರ್ ತಿರಸ್ಕೃತವಾಗಬಹುದು. ಇದನ್ನು ಮೊದಲೇ ಸರಿಮಾಡಿಕೊಳ್ಳಿ.

ಲಿಮಿಟ್ ಬೆಲೆಯನ್ನು ಟ್ರಿಗರಿಗೆ ಅಂಟಿಸಿಡಬೇಡಿ. ಟ್ರಿಗರ್ ₹510, ಲಿಮಿಟ್ ₹509 ಇದ್ದು, ಬೆಳಿಗ್ಗೆ ಶೇರು ₹504ಕ್ಕೆ ತೆರೆದರೆ ಆರ್ಡರ್ ಜೀವಂತವಾಗುತ್ತದೆ, ಆದರೆ ಮಾರಾಟವಾಗದೆ ಕೂತಿರುತ್ತದೆ. ಲಿಮಿಟ್ ₹498 ಇಟ್ಟರೂ ನಿಮಗೆ ಸಿಗುವುದು ಆ ಹೊತ್ತಿನ ಖರೀದಿದಾರರ ಬೆಲೆ, ₹504ರ ಆಸುಪಾಸು. ಅಗಲ ಇಟ್ಟಷ್ಟೂ ಹೊರಬರುವುದು ಖಚಿತ.

ಗ್ಯಾಪ್ ಮಾತ್ರ ಯಾವ ಸ್ಟಾಪಿಗೂ ಬಗ್ಗುವುದಿಲ್ಲ. ಮೇಲಿನ 435 ಶೇರಿಗೆ ₹520ರಲ್ಲಿ ಸ್ಟಾಪ್ ಇದೆ, ಕಾಗದದ ಮೇಲೆ ₹3,800 ಲಾಭ ಭದ್ರ. ತ್ರೈಮಾಸಿಕ ಫಲಿತಾಂಶ ಕೆಟ್ಟು ಮರುದಿನ ₹500ಕ್ಕೆ ತೆರೆದು ಅಲ್ಲೇ ಮಾರಾಟವಾದರೆ ₹4,900 ನಷ್ಟ, ಅಂದರೆ ಮೊದಲ ದಿನ ಒಪ್ಪಿಕೊಂಡಿದ್ದ ₹5,000ದಷ್ಟೇ. ಅದೇ ಬರೀ ಮೊದಲ 250 ಶೇರು ಇದ್ದಿದ್ದರೆ ಅಸಲು ಉಳಿಯುತ್ತಿತ್ತು. ಹಾಗಾಗಿ ಫಲಿತಾಂಶದ ದಿನಾಂಕ ಒಂದು ವಾರದೊಳಗೆ ಇದ್ದರೆ ಹೊಸ ಕಂತು ಸೇರಿಸಬೇಡಿ, ಮೂರನೇ ಕಂತು ಈಗಾಗಲೇ ಒಳಗಿದ್ದರೆ ಹಿಂದಿನ ದಿನವೇ 60 ಅಲ್ಲ, 185ನ್ನೂ ಮಾರಿ ಮೊದಲ 250ಕ್ಕೆ ಇಳಿಯಿರಿ.